ಯಾವುದಕ್ಕಿಂತ ಪ್ಲಸ್?

ಡೊಂಬಿವಲಿ ಪೂರ್ವದಲ್ಲಿ ಸ್ಟೇಷನ್ನಿನಿಂದ ಹೊರಬಿದ್ದರೆ ಗೃಹೋಪಯೋಗಿ ವಸ್ತುಗಳ ಅಂಗಡಿಗಳಿಗೆ ಬರವಿಲ್ಲ. ಕಲ್ಯಾಣದಲ್ಲಿ, ಠಾಣೆಯಲ್ಲಿ, ವಾಶಿಯಲ್ಲಿ ಕೂಡ ಹಾಗೆಯೇ. ಇಂಥ ಯಾವುದಾದರೂ ಅಂಗಡಿಯಲ್ಲಿ ನೀರು ಶುದ್ಧ ಮಾಡುವ ಯಂತ್ರಗಳ ಗೋಡೆಯ ಮುಂದೆ ಹತ್ತು ನಿಮಿಷ ನಿಂತರೆ ಒಂದೇ ಸಂಭಾಷಣೆ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ.

"ಇದಕ್ಕೂ ಅದಕ್ಕೂ ಏನು ವ್ಯತ್ಯಾಸ?"

"ಇದು ಕ್ಲಾಸಿಕ್, ಸಾಹೇಬ್ರೆ. ಅದು ಪ್ಲಸ್. ಆಚೆಗಿರೋದು ಪ್ರೊ. ಮನೇಲಿ ಸಣ್ಣ ಮಕ್ಕಳಿದ್ರೆ ಪ್ರೊ ತಗೊಳ್ಳಿ."

ಇಷ್ಟು ಕೇಳಿದ ಮೇಲೆ ಗಂಡ ಹೆಂಡತಿ ಪಕ್ಕಕ್ಕೆ ಸರಿದು ತಮ್ಮ ಭಾಷೆಯಲ್ಲಿ ಮಾತಾಡಿಕೊಳ್ಳುತ್ತಾರೆ. ಆ ಭಾಷೆ ಕನ್ನಡವಾಗಿದ್ದರೆ ಮಾತು ಹೀಗಿರುತ್ತದೆ: "ನೀರಿನ ವಿಷ್ಯ ಅಲ್ವೇನ್ರೀ, ಒಳ್ಳೇದೇ ತಗೊಂಬಿಡೋಣ." ಒಳ್ಳೆಯದು ಅಂದರೆ ಪ್ರೊ. ಅದು ಯಾವುದರಲ್ಲಿ ಒಳ್ಳೆಯದು ಎಂದು ಅಂಗಡಿಯವನು ಹೇಳಲಿಲ್ಲ, ಇವರೂ ಕೇಳಲಿಲ್ಲ. ಕೇಳುವ ಅಗತ್ಯ ಬೀಳದಂತೆ ಮಾಡುವುದೇ ಆ ಹೆಸರಿನ ಕೆಲಸ.

ಒಂದು ಯಂತ್ರದ ನಾಲ್ಕು ಮಾದರಿಗಳಿಗೆ ಹೆಸರಿಡುವಾಗ ಮೇಲಿನದು ಕೆಳಗಿನದಕ್ಕಿಂತ ಸಮರ್ಥ ಎಂದು ಕೇಳಿದೊಡನೆ ತಿಳಿಯಬೇಕೆಂಬುದು ಮಾರಾಟ ವಿಭಾಗದ ಮೊದಲ ಬೇಡಿಕೆ. ಆ ಬೇಡಿಕೆಯಲ್ಲಿ ತಪ್ಪೇನೂ ಇಲ್ಲ. ಇನ್ನೂರೈವತ್ತು ಲೀಟರಿನ ಫ್ರಿಜ್ಜಿನ ಹೆಸರು ನೂರೆಂಬತ್ತು ಲೀಟರಿನದರ ಹೆಸರಿಗಿಂತ ದೊಡ್ಡದಾಗಿ ಕೇಳಿಸಿದರೆ ಯಾರಿಗೂ ಮೋಸವಾಗುವುದಿಲ್ಲ. ಆದರೆ ನೀರಿನ ಯಂತ್ರದ ವಿಷಯದಲ್ಲಿ ಈ ಪದ್ಧತಿ ಸುಳ್ಳಾಗುತ್ತದೆ, ಏಕೆಂದರೆ ಅಲ್ಲಿ ಮೆಟ್ಟಿಲೇ ಇಲ್ಲ. ಇರುವುದು ಕವಲು. ಕವಲಿಗೆ ಮೆಟ್ಟಿಲಿನ ಹೆಸರು ಕೊಟ್ಟರೆ ಏನೇನು ಕೆಡುತ್ತದೆ ಎಂಬುದನ್ನು ಕಲ್ಯಾಣ-ಡೊಂಬಿವಲಿಯ ಯಾವುದೇ ಅಡುಗೆಮನೆಯಲ್ಲಿ ನೋಡಬಹುದು.

ಗಿಂತ ಇಲ್ಲದ ಹೋಲಿಕೆ

ಮೊದಲು ಭಾಷೆಯ ಮಾತು. ಇಂಗ್ಲಿಷಿನಲ್ಲಿ ಗುಣವಾಚಕದ ಬಾಲಕ್ಕೊಂದು ಪ್ರತ್ಯಯ ಹಚ್ಚಿದರೆ ಹೋಲಿಕೆಯ ರೂಪ ಸಿದ್ಧ. ಸಂಸ್ಕೃತದಲ್ಲೂ ಹಾಗೆಯೇ: ತರ ಹಚ್ಚಿದರೆ ಎರಡರಲ್ಲಿ ಮೇಲು, ತಮ ಹಚ್ಚಿದರೆ ಎಲ್ಲಕ್ಕಿಂತ ಮೇಲು. ಈ ಎರಡು ಪ್ರತ್ಯಯಗಳನ್ನು ಒಟ್ಟು ಸೇರಿಸಿಯೇ ತರತಮ, ತಾರತಮ್ಯ ಎಂಬ ಮಾತುಗಳು ಹುಟ್ಟಿದವು. ಕನ್ನಡದ ಸ್ವಂತ ವ್ಯಾಕರಣದಲ್ಲಿ ಇಂಥ ಪ್ರತ್ಯಯ ಇಲ್ಲ. ಕನ್ನಡದಲ್ಲಿ ದೊಡ್ಡದು ದೊಡ್ಡದೇ. ಹೋಲಿಸಬೇಕಾದರೆ ಇನ್ನೊಂದನ್ನು ಎಳೆದು ತಂದು ಅದಕ್ಕೆ 'ಗಿಂತ' ಹಚ್ಚಬೇಕು: "ಇದಕ್ಕಿಂತ ಅದು ದೊಡ್ಡದು." ಮರಾಠಿಯಲ್ಲೂ 'ಪೇಕ್ಷಾ' ಎಂಬುದು ಇದೇ ಕೆಲಸ ಮಾಡುತ್ತದೆ. ಹೋಲಿಕೆಯ ಭಾರವನ್ನು ಹೊರುವುದು ಗುಣವಾಚಕವಲ್ಲ, ಯಾವುದರೊಂದಿಗೆ ಹೋಲಿಸಲಾಯಿತೋ ಆ ವಸ್ತು. ಅದನ್ನು ಬಿಟ್ಟರೆ ವಾಕ್ಯದಲ್ಲಿ ಹೋಲಿಕೆಯೇ ಉಳಿಯುವುದಿಲ್ಲ.

ಪ್ಲಸ್, ಪ್ರೊ, ಮ್ಯಾಕ್ಸ್, ಅಲ್ಟ್ರಾ ಎಂಬ ಪದಗಳು ಈ ಭಾರವನ್ನು ಹೊರದೆಯೇ ಹೋಲಿಕೆಯ ಲಾಭವನ್ನು ಮಾತ್ರ ಪಡೆಯುತ್ತವೆ. ಹೆಚ್ಚು ಎನ್ನುತ್ತವೆ, ಯಾವುದಕ್ಕಿಂತ ಎನ್ನುವುದಿಲ್ಲ, ಯಾವುದರಲ್ಲಿ ಎಂದಂತೂ ಹೇಳುವುದೇ ಇಲ್ಲ. ಅಂಗಡಿಯ ಗೋಡೆಯ ಮೇಲೆ ಪಕ್ಕಪಕ್ಕದಲ್ಲಿ ತೂಗುಹಾಕಿದ್ದರಿಂದ ಗ್ರಾಹಕನ ಮನಸ್ಸೇ ಆ 'ಗಿಂತ'ವನ್ನು ತುಂಬಿಕೊಳ್ಳುತ್ತದೆ.

ಇದರ ಇನ್ನೊಂದು ಮುಖ ಹೆಚ್ಚು ಕೆಟ್ಟದ್ದು. ಅರ್ಥವಿಜ್ಞಾನದಲ್ಲಿ ಲಾರೆನ್ಸ್ ಹಾರ್ನ್ ಅವರ ಹೆಸರಿನಲ್ಲಿ ಗುರುತಿಸುವ ಒಂದು ತತ್ವವಿದೆ. ಪದಗಳು ಏಣಿಯಂತೆ ಜೋಡಿಸಿಕೊಂಡಿದ್ದಾಗ ಕೆಳಗಿನ ಪದ ಬಳಸಿದರೆ ಕೇಳುವವರು ಮೇಲಿನದನ್ನು ತಾವಾಗಿಯೇ ಅಲ್ಲಗಳೆಯುತ್ತಾರೆ. "ಕೆಲವರು ಬಂದರು" ಎಂದರೆ ಎಲ್ಲರೂ ಬರಲಿಲ್ಲ ಎಂದು ಅರ್ಥವಾಗುತ್ತದೆ, ಹಾಗೆಂದು ಯಾರೂ ಹೇಳಿರದಿದ್ದರೂ. "ಹಾಲು ಬಿಸಿಯಾಗಿದೆ" ಎಂದರೆ ಇನ್ನೂ ಕುದಿ ಬಂದಿಲ್ಲ ಎಂದು ತಿಳಿಯುತ್ತದೆ. ಯಂತ್ರಗಳ ಹೆಸರಿಗೂ ಇದು ಹೊಂದುತ್ತದೆ. ಪ್ಲಸ್ ಎಂಬ ಮಾದರಿ ಗೋಡೆಗೆ ಬಂದ ದಿನವೇ ಅದರ ಪಕ್ಕದ ಕ್ಲಾಸಿಕ್ ಏನೋ ಕೊರತೆಯಿರುವ ಯಂತ್ರವಾಗುತ್ತದೆ. ಅದರೊಳಗಿನ ಒಂದು ಸ್ಕ್ರೂ ಕೂಡ ಬದಲಾಗಿರುವುದಿಲ್ಲ. ನೀರಿನ ಯಂತ್ರದಲ್ಲಿ ಕೊರತೆ ಎಂದರೆ ಗ್ರಾಹಕನಿಗೆ ಒಂದೇ ಅರ್ಥ: ಇದರಲ್ಲಿ ಬರುವ ನೀರು ಪೂರ್ತಿ ಶುದ್ಧವಲ್ಲ.

ಯಂತ್ರದೊಳಗೆ ಇರುವುದು

ಹೆಸರನ್ನು ಬದಿಗಿಟ್ಟು ಒಳಗೆ ನೋಡಿದರೆ ಮುಖ್ಯವಾಗಿ ಮೂರು ಬಗೆಯ ಕೆಲಸಗಳು ಕಾಣುತ್ತವೆ. ಮೊದಲನೆಯದು ಯುಎಫ್, ಅಂದರೆ ಅತಿಸಣ್ಣ ರಂಧ್ರಗಳ ಪೊರೆ. ಕೆಸರನ್ನೂ ಬ್ಯಾಕ್ಟೀರಿಯಾವನ್ನೂ ತಡೆಯುತ್ತದೆ, ಕರೆಂಟು ಬೇಡ, ಆದರೆ ವೈರಸ್ಸಿನ ವಿಷಯದಲ್ಲಿ ಪೂರ್ತಿ ನಂಬುವಂತಿಲ್ಲ. ಎರಡನೆಯದು ಯುವಿ. ನೇರಳಾತೀತ ದೀಪದ ಮುಂದೆ ನೀರನ್ನು ಹರಿಸಿದರೆ ಬ್ಯಾಕ್ಟೀರಿಯಾ, ವೈರಸ್ ಎರಡೂ ನಿಷ್ಕ್ರಿಯವಾಗುತ್ತವೆ. ಆದರೆ ನೀರು ತಿಳಿಯಾಗಿರಬೇಕು, ಕದಡಿದ್ದರೆ ಬೆಳಕು ಒಳಗೆ ಹೋಗದೆ ಕೆಸರಿನ ಕಣದ ಹಿಂದಿರುವ ಜೀವಿ ಉಳಿದುಕೊಳ್ಳುತ್ತದೆ. ಮೂರನೆಯದು ಆರ್‌ಒ. ಪಂಪಿನ ಒತ್ತಡದಲ್ಲಿ ನೀರನ್ನು ಬಿಗಿಯಾದ ಪೊರೆಯ ಮೂಲಕ ಹಾಯಿಸಿ, ಕರಗಿರುವ ಲವಣಗಳನ್ನೇ ಬೇರ್ಪಡಿಸುವ ಕೆಲಸ. ಪೊರೆಯನ್ನು ಹಾಯದ ನೀರು ಲವಣಗಳನ್ನು ಹೊತ್ತು ಸಿಂಕಿಗೆ ಹೋಗುತ್ತದೆ. ಮನೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಒಂದು ಲೀಟರು ಕುಡಿಯುವ ನೀರಿಗೆ ಎರಡು ಮೂರು ಲೀಟರು ಹೀಗೆ ಹರಿದುಹೋಗುತ್ತದೆ.

ಈ ಮೂರು ಬೇರೆ ಬೇರೆ ರೋಗಕ್ಕೆ ಬೇರೆ ಬೇರೆ ಔಷಧ. ಯುವಿ ಎದುರಿಸುವುದು ಜೀವಿಗಳನ್ನು, ಆರ್‌ಒ ಮುಖ್ಯವಾಗಿ ತೆಗೆಯುವುದು ಲವಣಗಳನ್ನು. ಒಂದು ಇನ್ನೊಂದರ ಮೇಲಿನ ಮೆಟ್ಟಿಲಲ್ಲ. ಯಾವುದು ಬೇಕು ಎಂಬುದನ್ನು ಯಂತ್ರ ಹೇಳಲಾರದು, ನಲ್ಲಿಗೆ ನೀರು ಎಲ್ಲಿಂದ ಬಂತು ಎಂಬುದು ಹೇಳುತ್ತದೆ.

ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆಯ ನೀರು ಉಲ್ಹಾಸ ನದಿಯದು. ಮೋಹಿಲಿ, ಬಾರಾವೆ, ನೇತಿವಲಿಗಳಲ್ಲಿ ಶುದ್ಧೀಕರಣವಾಗಿ ಮನೆಗಳಿಗೆ ಬರುತ್ತದೆ. ಡೊಂಬಿವಲಿಯ ಎಂಐಡಿಸಿ ಭಾಗಕ್ಕೆ ಬಾರವಿ ಅಣೆಕಟ್ಟಿನ ನೀರು. ಠಾಣೆಗೆ ಬಹುಪಾಲು ಭಾತ್ಸಾ ಮತ್ತು ಉಲ್ಹಾಸ ನದಿಗಳ ನೀರು. ನವಿ ಮುಂಬಯಿ ಮಹಾನಗರಪಾಲಿಕೆಗೆ ಖಾಲಾಪುರದ ಕಡೆ ತನ್ನದೇ ಆದ ಮೋರ್ಬೆ ಅಣೆಕಟ್ಟಿದೆ. ಎಲ್ಲವೂ ಸಹ್ಯಾದ್ರಿಯ ಮಳೆನೀರು, ಕಪ್ಪುಬಂಡೆಯ ಮೇಲಿಂದ ಹರಿದು ಬಂದದ್ದು. ಇಂಥ ನೀರಿನಲ್ಲಿ ಕರಗಿದ ಲವಣ ಕಡಿಮೆ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 ಕರಗಿದ ಘನವಸ್ತುಗಳಿಗೆ, ಅಂದರೆ ಟಿಡಿಎಸ್‌ಗೆ, ಲೀಟರಿಗೆ 500 ಮಿಲಿಗ್ರಾಂ ಎಂಬ ಮಿತಿ ಹಾಕಿದೆ. ಈ ನದಿಗಳಿಂದ ಬರುವ ನಲ್ಲಿನೀರು ಸಾಮಾನ್ಯವಾಗಿ ಅದರ ಅರ್ಧವನ್ನೂ ಮುಟ್ಟುವುದಿಲ್ಲ. 2019ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಟಿಡಿಎಸ್ 500ಕ್ಕಿಂತ ಕಡಿಮೆಯಿರುವ ಕಡೆ ಆರ್‌ಒ ಬಳಕೆಯನ್ನೇ ನಿಷೇಧಿಸಬೇಕೆಂದು ಪರಿಸರ ಸಚಿವಾಲಯಕ್ಕೆ ಹೇಳಿದ್ದರ ಹಿಂದೆ ಇದ್ದ ತರ್ಕ ಇದೇ.

ಆದರೆ ಇದೇ ಊರುಗಳಲ್ಲಿ ಬೇರೆ ನೀರೂ ಇದೆ. ಘೋಡಬಂದರ್ ರಸ್ತೆಯ ಎತ್ತರದ ಕಟ್ಟಡಗಳು, ಕಲ್ಯಾಣ-ಡೊಂಬಿವಲಿಯ ಅಂಚಿನ ಹಳ್ಳಿಗಳಲ್ಲಿ ಎದ್ದ ಹೊಸ ಸಂಕೀರ್ಣಗಳು, ತಳೋಜಾ ಕಡೆಯ ವಸತಿಗಳು ಬೇಸಿಗೆಯಲ್ಲಿ ಟ್ಯಾಂಕರನ್ನೂ ಬೋರ್‌ವೆಲ್ಲನ್ನೂ ನೆಚ್ಚಿಕೊಳ್ಳುತ್ತವೆ. ಬೋರಿನ ನೀರಿನಲ್ಲಿ ಲವಣ ಎಷ್ಟೂ ಇರಬಹುದು. ಅಲ್ಲಿ ಆರ್‌ಒ ಬೇಕಾಗಬಹುದು. ಒಂದೇ ರಸ್ತೆಯ ಎರಡು ಕಟ್ಟಡಗಳಿಗೆ ಎರಡು ಬಗೆಯ ಯಂತ್ರ ಸರಿಯಾಗುವುದುಂಟು. ಇದನ್ನೇ ಕವಲು ಎನ್ನಬೇಕು.

ಪ್ರೊ ಎಂಬುದನ್ನು ಬಿಚ್ಚಿದಾಗ

ಈಗ ಒಂದು ಮಾದರಿ ಸರಣಿಯನ್ನು ಕಟ್ಟಿಕೊಂಡು ನೋಡಬಹುದು. ಕ್ಲಾಸಿಕ್ ಎಂಬುದರಲ್ಲಿ ಯುವಿ ದೀಪ, ಕೆಸರು ತಡೆಯುವ ಕ್ಯಾಂಡಲ್, ಇಂಗಾಲದ ಫಿಲ್ಟರು. ಪ್ಲಸ್ ಎಂಬುದರಲ್ಲಿ ಅವೆಲ್ಲದರ ಜೊತೆಗೆ ಆರ್‌ಒ. ಪ್ರೊದಲ್ಲಿ ಆರ್‌ಒ, ಯುವಿ, ಯುಎಫ್, ಮೇಲೆ ಟಿಡಿಎಸ್ ಕಂಟ್ರೋಲರ್. ಅಲ್ಟ್ರಾದಲ್ಲಿ ಇವಿಷ್ಟರ ಜೊತೆಗೆ ಮಿನರಲ್ ಕಾರ್ಟ್ರಿಜ್. ಹೆಸರು ಕಲ್ಪಿತ, ಆದರೆ ಒಳಗಿನ ಈ ಜೋಡಣೆ ಮಾರುಕಟ್ಟೆಯಲ್ಲಿ ದಿನವೂ ಕಾಣುವಂಥದ್ದೇ.

ಅಲ್ಟ್ರಾವನ್ನು ಡೊಂಬಿವಲಿಯ ಪಾಲಿಕೆ ನೀರಿನ ಮನೆಗೆ ತಂದರೆಂದು ಇಟ್ಟುಕೊಳ್ಳಿ. ನಲ್ಲಿಯ ನೀರಿನ ಟಿಡಿಎಸ್ 120 ಎಂದಿರಲಿ. ಆರ್‌ಒ ಪೊರೆ ಅದರಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲನ್ನು ತೆಗೆಯುತ್ತದೆ, ಹನ್ನೆರಡರ ಆಸುಪಾಸು ಉಳಿಯುತ್ತದೆ. ಅಷ್ಟು ಲವಣ ಹೋದ ನೀರು ಸಪ್ಪೆ, ಬಾಯಿಗೆ ಹತ್ತುವುದಿಲ್ಲ. ಆಗ ಟಿಡಿಎಸ್ ಕಂಟ್ರೋಲರ್ ಕೆಲಸಕ್ಕಿಳಿಯುತ್ತದೆ. ಈ ಕಂಟ್ರೋಲರ್ ಎಂಬ ಗಂಭೀರ ಹೆಸರಿನ ವಸ್ತು ಅನೇಕ ಯಂತ್ರಗಳಲ್ಲಿ ಒಂದು ಚಿಕ್ಕ ತಿರುಗಣೆ. ಅದನ್ನು ತಿರುಗಿಸಿದರೆ ಆರ್‌ಒ ಪೊರೆಯನ್ನು ಹಾಯದ ನೀರು ಪಕ್ಕದ ದಾರಿಯಿಂದ ಬಂದು, ಹಾಯ್ದ ನೀರಿನೊಂದಿಗೆ ಬೆರೆಯುತ್ತದೆ. ತೆಗೆದದ್ದರಲ್ಲಿ ಒಂದಿಷ್ಟು ಮರಳಿ ಬಂತು. ಅದೂ ಸಾಲದೆಂದು ಮಿನರಲ್ ಕಾರ್ಟ್ರಿಜ್ ಮತ್ತಷ್ಟು ಲವಣ ಸೇರಿಸುತ್ತದೆ. ಒಂದು ಭಾಗ ತೆಗೆಯಲು ಹಣ, ಇನ್ನೊಂದು ಭಾಗ ಮರಳಿ ಹಾಕಲು ಹಣ. ಕೊನೆಗೆ ಲೋಟಕ್ಕೆ ಬೀಳುವ ನೀರಿನ ಸುರಕ್ಷತೆಯನ್ನು ನೋಡಿಕೊಳ್ಳುವುದು ಬಹುಮಟ್ಟಿಗೆ ಅದೇ ಯುವಿ ದೀಪ, ಕ್ಲಾಸಿಕ್ ಎಂಬ ಕೆಳಗಿನ ಯಂತ್ರದಲ್ಲೂ ಇದ್ದದ್ದು.

ಮಧ್ಯೆ ಸಿಂಕಿಗೆ ಹೋದ ನೀರಿನ ಲೆಕ್ಕವೂ ಇದೆ. ನಾಲ್ಕು ಜನರ ಮನೆಯಲ್ಲಿ ಕುಡಿಯಲು, ಅಡುಗೆಗೆ ದಿನಕ್ಕೆ ಇಪ್ಪತ್ತು ಲೀಟರ್ ಎಂದುಕೊಂಡು, ಲೀಟರಿಗೆ ಮೂರು ಲೀಟರ್ ಹರಿದುಹೋದರೆ ದಿನಕ್ಕೆ 60 ಲೀಟರ್, ವರ್ಷಕ್ಕೆ ಸುಮಾರು 22,000 ಲೀಟರ್. ಹತ್ತು ಸಾವಿರ ಲೀಟರಿನ ಎರಡು ಟ್ಯಾಂಕರ್. ಅರವತ್ತು ಮನೆಗಳ ಕಟ್ಟಡಕ್ಕೆ ನೂರಮೂವತ್ತು ಟ್ಯಾಂಕರ್. ಬೇಸಿಗೆಯಲ್ಲಿ ನೀರು ಕಡಿತದ ದಿನ ಬಾಲ್ದಿ ಹಿಡಿದು ಕಾಯುವ ಊರು ಇದು. ಈ ನಷ್ಟಕ್ಕೆ ಕಾರಣ ಗ್ರಾಹಕನ ದುಂದು ಅಲ್ಲ, 'ಮೇಲಿನದು' ಎಂಬ ಹೆಸರು ಅವನನ್ನು ಬೇಡದ ಕವಲಿಗೆ ಹತ್ತಿಸಿದ್ದು.

ತದ್ವಿರುದ್ಧ ದಿಕ್ಕಿನ ಹಾನಿಯೂ ಇದೆ. ಜುಲೈಯಲ್ಲಿ ಉಲ್ಹಾಸ ಕೆಂಪಾಗಿ ಹರಿಯುವಾಗ ನಲ್ಲಿಯ ನೀರೂ ಕೆಲವೊಮ್ಮೆ ಮಬ್ಬಾಗಿ ಬರುತ್ತದೆ. ಹೊರಗಿನ ಕ್ಯಾಂಡಲ್ ಕೆಲವೇ ವಾರಗಳಲ್ಲಿ ಕಂದುಬಣ್ಣಕ್ಕೆ ತಿರುಗುತ್ತದೆ, ನೀರಿನ ಧಾರೆ ಸಣ್ಣದಾಗುತ್ತದೆ. ಆಗ ಬೇಕಾದದ್ದು ಹೊಸ ಕ್ಯಾಂಡಲ್ ಮತ್ತು ವರ್ಷ ಕಳೆದಿದ್ದರೆ ಹೊಸ ದೀಪ. "ನಮ್ಮದು ಅಲ್ಟ್ರಾ" ಎಂಬ ನಂಬಿಕೆಯಲ್ಲಿರುವ ಮನೆಯವರು ಇದನ್ನು ಮುಂದಕ್ಕೆ ಹಾಕುತ್ತಾರೆ. ಹೆಸರು ಸಾಮರ್ಥ್ಯವನ್ನು ಒಮ್ಮೆಗೇ ಕೊಂಡುಕೊಂಡ ಭಾವ ತರುತ್ತದೆ. ಯುವಿಯ ಸಾಮರ್ಥ್ಯ ಇರುವುದು ದೀಪದ ವಯಸ್ಸಿನಲ್ಲಿ, ಪೆಟ್ಟಿಗೆಯ ಮೇಲಿನ ಅಕ್ಷರದಲ್ಲಿ ಅಲ್ಲ.

ಕಂದು ಲೋಟದ ಆಟ

ಹೆಸರಿನ ಏಣಿ ಒಂಟಿಯಾಗಿ ನಿಲ್ಲುವುದಿಲ್ಲ, ಅದಕ್ಕೆ ಊರುಗೋಲು ಬೇಕು. ಮನೆಗೆ ಬಂದು ತೋರಿಸುವ ಡೆಮೊ ಅಂಥ ಊರುಗೋಲು. ಮಾರಾಟಗಾರ ಎರಡು ಲೋಟ ಇಡುತ್ತಾನೆ, ಒಂದರಲ್ಲಿ ನಲ್ಲಿಯ ನೀರು, ಒಂದರಲ್ಲಿ ತನ್ನ ಆರ್‌ಒ ನೀರು. ಲೋಹದ ಕಡ್ಡಿಗಳಿರುವ ಸಾಧನವನ್ನು ಎರಡರಲ್ಲೂ ಇಳಿಬಿಟ್ಟು ಪ್ಲಗ್ಗಿಗೆ ಹಚ್ಚುತ್ತಾನೆ. ಸ್ವಲ್ಪ ಹೊತ್ತಿಗೆ ನಲ್ಲಿಯ ನೀರು ಕಂದಾಗಿ ಗಸಿ ತೇಲುತ್ತದೆ, ಆರ್‌ಒ ನೀರು ಹಾಗೆಯೇ ಇರುತ್ತದೆ. "ನೋಡಿ ಕಾಕಾ, ನೀವು ಕುಡೀತಿರೋದು ಇದು."

ಅವನು ಕುಡಿಸುತ್ತಿಲ್ಲ, ಕರಗಿಸುತ್ತಿದ್ದಾನೆ. ಲವಣ ಇರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಆಗ ಕಬ್ಬಿಣದ ಕಡ್ಡಿಯೇ ಕರಗಿ ತುಕ್ಕಾಗುತ್ತದೆ. ಕಂದು ಬಣ್ಣ ಕಡ್ಡಿಯದು, ನೀರಿನದಲ್ಲ. ಲವಣವಿಲ್ಲದ ನೀರಿನಲ್ಲಿ ವಿದ್ಯುತ್ ಹರಿಯದು, ಬಣ್ಣವೂ ಬರದು. ಪರೀಕ್ಷೆ ಸುಲಭ: ಆ ಆರ್‌ಒ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೊಮ್ಮೆ ಮಾಡಿ ಎನ್ನಬೇಕು. ಅದೂ ಕಂದಾಗುತ್ತದೆ. ಟಿಡಿಎಸ್ ಅಳೆಯುವ ಪೆನ್ನಿನಂಥ ಮೀಟರ್ ಕೂಡ ಅಳೆಯುವುದು ವಿದ್ಯುತ್ ಹರಿಯುವಿಕೆಯನ್ನೇ. ಅದು ಲವಣದ ಅಂದಾಜು ಕೊಡುತ್ತದೆ, ಕಾಲರಾದ ಜೀವಿಯನ್ನು ಕಾಣಲಾರದು.

ಕಂದು ಲೋಟವೂ ಪ್ರೊ ಎಂಬ ಹೆಸರೂ ಮಾಡುವುದು ಒಂದೇ ಕೆಲಸ. ಒಂದು ಅಳತೆಯಲ್ಲಿನ ವ್ಯತ್ಯಾಸವನ್ನು ತೋರಿಸಿ ಇನ್ನೊಂದು ಅಳತೆಯ ಮಾತಾಡುವುದು. ಲವಣ ಕಡಿಮೆ ಎಂದು ತೋರಿಸಿ ಸುರಕ್ಷತೆ ಹೆಚ್ಚು ಎನ್ನುವುದು.

ಕನ್ನಡ ಕಿವಿಗೆ ಈ ಜಾರುವಿಕೆ ಇನ್ನಷ್ಟು ಸುಲಭ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡಗಳಂಥ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ. ಅದಕ್ಕಾಗಿಯೇ ಕರ್ನಾಟಕದ ಊರೂರುಗಳಲ್ಲಿ ಸರ್ಕಾರ ಶುದ್ಧ ಕುಡಿಯುವ ನೀರಿನ ಘಟಕಗಳನ್ನು ಇಟ್ಟಿತು, ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವಂಥವು. ಒಳಗಿರುವುದು ಆರ್‌ಒ, ಮತ್ತು ಅಲ್ಲಿ ಅದು ಸರಿಯಾದ ಔಷಧ. ಆದರೆ ಬೋರ್ಡಿನ ಮೇಲೆ ಬರೆದದ್ದು 'ಶುದ್ಧ'. ಅಲ್ಲಿಂದ 'ಶುದ್ಧ ಎಂದರೆ ಆರ್‌ಒ' ಎಂಬ ಸಮೀಕರಣ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಡೊಂಬಿವಲಿಗೆ ಮಗಳ ಮನೆಗೆ ಬಂದ ತಾಯಿ "ಇನ್ನೂ ಆರ್‌ಒ ಹಾಕಿಸಿಲ್ವಾ?" ಎಂದು ಕೇಳುವುದರ ಹಿಂದೆ ಊರಿನ ಬೋರ್‌ವೆಲ್ ಇದೆ. ಮಗಳ ನಲ್ಲಿಯಲ್ಲಿ ಬರುವುದು ಉಲ್ಹಾಸ.

ಎದುರು ವಾದಗಳು

ಮೊದಲ ಎದುರು ವಾದ ಗಟ್ಟಿಯಾದದ್ದೇ. ಡೊಂಬಿವಲಿ, ಅಂಬರನಾಥ, ಉಲ್ಹಾಸನಗರ ಎಂದರೆ ಕಾರ್ಖಾನೆಗಳ ಪಟ್ಟಿ. ನದಿಗೆ ರಾಸಾಯನಿಕ ಸೇರಿದರೆ ಯುವಿ ಏನೂ ಮಾಡಲಾರದು, ಸೀಸದಂಥ ಲೋಹಗಳನ್ನು ಬಹುಮಟ್ಟಿಗೆ ತೆಗೆಯುವುದು ಆರ್‌ಒ. ಹಾಗಿದ್ದ ಮೇಲೆ ಮೇಲಿನದನ್ನು ಕೊಳ್ಳುವುದೇ ಜಾಣತನವಲ್ಲವೇ? ಭಯ ನಿಜವಾದದ್ದು, ಅದನ್ನು ನಗೆಯಾಡಬಾರದು. ಆದರೆ ಭಾರಲೋಹ ಅಪಾಯದ ಮಟ್ಟದಲ್ಲಿದ್ದರೂ ಟಿಡಿಎಸ್ ಮೀಟರಿನಲ್ಲಿ ಕಾಣುವುದಿಲ್ಲ, ಅದರ ಪ್ರಮಾಣ ಅಷ್ಟು ಸೂಕ್ಷ್ಮ. ಅದನ್ನು ಹೇಳುವುದು ಪ್ರಯೋಗಾಲಯದ ವರದಿ. ಕಟ್ಟಡದ ಸೊಸೈಟಿ ಒಮ್ಮೆ ಮಾದರಿ ಕೊಟ್ಟು ಪರೀಕ್ಷೆ ಮಾಡಿಸಿ, ಲೋಹ ಇದೆ ಎಂದಾದರೆ ಆ ವರದಿಯ ಆಧಾರದಲ್ಲಿ ಆರ್‌ಒ ಕೊಳ್ಳಲಿ. ಆಗಲೂ ಒಂದು ತಮಾಷೆ ಕಾದಿದೆ. ಲೋಹ ಇರುವ ನೀರಿಗೆ ಪಕ್ಕದ ದಾರಿಯಿಂದ ನಲ್ಲಿನೀರು ಬೆರೆಸುವ ಆ ತಿರುಗಣೆ ಇರಲೇಬಾರದು. ಅಂದರೆ ಏಣಿಯ ತುದಿಯಲ್ಲಿರುವ ಪ್ರೊ, ಅಲ್ಟ್ರಾಗಳಿಗಿಂತ ಕೆಳಗಿನ ಬರಿ ಆರ್‌ಒ ಆ ಮನೆಗೆ ಹೆಚ್ಚು ಸಮರ್ಥ. ಏಣಿ ಮತ್ತೆ ತಲೆಕೆಳಗಾಯಿತು.

ಎರಡನೆಯ ವಾದ ಮಾರಾಟ ವಿಭಾಗದವರದು: ಹೆಸರು ಬರಿ ಹೆಸರು, ವಿವರ ಬೇಕಾದವರು ಕೈಪಿಡಿ ಓದಲಿ. ಕೈಪಿಡಿ ಓದಿ ಯಂತ್ರ ಕೊಂಡವರು ಎಷ್ಟು ಮಂದಿ ಎಂಬುದು ಅವರಿಗೂ ಗೊತ್ತು. ಹೆಸರು ಬರಿ ಹೆಸರಾಗಿದ್ದರೆ ಅದಕ್ಕಾಗಿ ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹೆಸರಿನ ಶಕ್ತಿಯನ್ನು ನಂಬಿಯೇ ಹೆಸರಿಡುವವರು, ದೂರು ಬಂದಾಗ ಹೆಸರಿಗೆ ಶಕ್ತಿಯಿಲ್ಲ ಎನ್ನುವಂತಿಲ್ಲ.

ಮೂರನೆಯದು, ಹೆಸರಿನ ಏಣಿ ಎಲ್ಲ ಕಡೆಯೂ ಇದೆ, ನೀರಿನ ಯಂತ್ರವನ್ನು ಮಾತ್ರ ಯಾಕೆ ಬೈಯಬೇಕು ಎಂಬುದು. ಇದೆ ನಿಜ, ಅಲ್ಲೆಲ್ಲ ಅದು ಎಡವಿದ್ದೂ ಇದೆ. ಕಂಪ್ಯೂಟರಿನ ಯುಎಸ್‌ಬಿಯಲ್ಲಿ ಮೊದಲು 12 ಮೆಗಾಬಿಟ್ ವೇಗಕ್ಕೆ 'ಫುಲ್ ಸ್ಪೀಡ್' ಎಂದು ಹೆಸರಿಟ್ಟರು. 2000ದಲ್ಲಿ 480 ಮೆಗಾಬಿಟ್ಟಿನದು ಬಂದಾಗ 'ಹೈ ಸ್ಪೀಡ್' ಎಂದರು. ಪೂರ್ಣಕ್ಕಿಂತ ಎತ್ತರದ್ದು ನಲವತ್ತು ಪಟ್ಟು ವೇಗ! ಎಂಟು ವರ್ಷಗಳ ನಂತರ 'ಸೂಪರ್ ಸ್ಪೀಡ್' ಬೇಕಾಯಿತು. ತುದಿಯ ಪದವನ್ನು ಮೊದಲೇ ಖರ್ಚು ಮಾಡಿದರೆ ಆಗುವುದು ಇದು. ರೈಲ್ವೆಯಲ್ಲಿ 1974ರಲ್ಲಿ ಮೂರನೇ ದರ್ಜೆಯನ್ನು ರದ್ದು ಮಾಡಿ ಎರಡನೇ ದರ್ಜೆ ಎಂದು ಕರೆದರು. ಹಲಗೆಯ ಸೀಟು ಹೆಸರು ಬದಲಾದ ರಾತ್ರಿ ಮೆತ್ತಗಾಗಲಿಲ್ಲ. ಆದರೆ ಯುಎಸ್‌ಬಿಯಲ್ಲಾಗಲಿ ರೈಲಿನಲ್ಲಾಗಲಿ ಅಳತೆ ಒಂದೇ ಇತ್ತು, ಅಲ್ಲಿ ವೇಗ, ಇಲ್ಲಿ ಸೌಕರ್ಯ. ಹೆಸರು ಎಡವಟ್ಟಾಗಿದ್ದರೂ ದಾರಿ ತಪ್ಪಿಸಲಿಲ್ಲ. ನೀರಿನ ಯಂತ್ರದಲ್ಲಿ ಅಳತೆಗಳೇ ಎರಡು.

ಅಳತೆ ಎರಡಿದ್ದಾಗ ಹೆಸರಿಡುವುದು ಹೇಗೆಂದು ಇದೇ ಊರಿನ ಲೋಕಲ್ ರೈಲು ತೋರಿಸಿಕೊಡುತ್ತದೆ. ಕಲ್ಯಾಣದಿಂದ ಹೊರಡುವ ಗಾಡಿಗೆ ಫಾಸ್ಟ್ ಎನ್ನುತ್ತಾರೆ, ಸ್ಲೋ ಎನ್ನುತ್ತಾರೆ. ಫಾಸ್ಟ್ ಪ್ಲಸ್ ಎನ್ನುವುದಿಲ್ಲ. ಠಾಕುರ್ಲಿಯಲ್ಲಿ ಇಳಿಯಬೇಕಾದವನು ಫಾಸ್ಟ್ ಹತ್ತುವುದಿಲ್ಲ, ಅದು ಅಲ್ಲಿ ನಿಲ್ಲದು. ಸ್ಲೋ ಕೀಳು ಗಾಡಿ ಎಂದು ಅವನಿಗೆ ಅನ್ನಿಸುವುದೂ ಇಲ್ಲ. ಹೆಸರು ಗಾಡಿಯ ನಡತೆಯನ್ನು ಹೇಳಿತು, ಆಯ್ಕೆಯನ್ನು ಇಳಿಯುವ ಸ್ಟೇಷನ್ನಿಗೆ ಬಿಟ್ಟಿತು.

ಹಾಗಾದರೆ ಏನೆಂದು ಕರೆಯುವುದು

ಬೈದು ಬಿಡುವುದು ಸುಲಭ. ಹೆಸರಿಡುವವನ ಮುಂದೆ ನಿಜವಾದ ಕೆಲಸ ಇದೆ, ಅದನ್ನು ಮಾಡಿ ತೋರಿಸಬೇಕು.

ಮೊದಲು ಎಲ್ಲಿ ಏಣಿ ಇದೆ, ಎಲ್ಲಿ ಕವಲಿದೆ ಎಂದು ಬೇರ್ಪಡಿಸಬೇಕು. ನೀರಿನ ಮೂಲ ಕವಲು. ತೊಟ್ಟಿಯ ಗಾತ್ರ ಏಣಿ, ಹನ್ನೆರಡು ಲೀಟರ್ ಎಂಬುದು ಏಳು ಲೀಟರಿಗಿಂತ ಯಾವ ಮನೆಯಲ್ಲಿ ಅಳೆದರೂ ಹೆಚ್ಚೇ. ಕವಲಿಗೆ ಮೇಲು ಕೀಳು ಇಲ್ಲದ ಪದಗಳು ಬೇಕು, ಏಣಿಗೆ ಸಂಖ್ಯೆ ಬೇಕು. ಹಾಗೆ ನೋಡಿದರೆ ನಮ್ಮ ಸರಣಿ ಎರಡು ಕುಟುಂಬವಾಗುತ್ತದೆ. ಯುವಿಯ ಯಂತ್ರಗಳಿಗೆ 'ನದಿ', ಆರ್‌ಒ ಯಂತ್ರಗಳಿಗೆ 'ಬೋರ್' ಎನ್ನಬಹುದಿತ್ತು. ಆದರೆ ಡೊಂಬಿವಲಿಯ ಕೌಂಟರಿನಲ್ಲಿ ಮರಾಠಿ, ಹಿಂದಿ, ಗುಜರಾತಿ, ಕನ್ನಡ ಎಲ್ಲ ನಡೆಯುತ್ತವೆ, ಎಲ್ಲದರಲ್ಲೂ ಬೋರ್ ಎಂದರೆ ಬೇಸರ ಎಂದೂ ಆಗುತ್ತದೆ. ಬೇಸರದ ಯಂತ್ರವನ್ನು ಯಾರೂ ಕೊಳ್ಳರು. 'ಭೂಮಿ' ಎನ್ನಬಹುದು. ನದಿ, ಭೂಮಿ ಎರಡೂ ಈ ಎಲ್ಲ ಭಾಷೆಗಳಲ್ಲಿ ಬಳಕೆಯಲ್ಲಿವೆ, ಎರಡರಲ್ಲಿ ಯಾವುದು ಮೇಲೆಂದು ಯಾರೂ ಹೇಳಲಾರರು. ಅದರ ಮುಂದೆ ಲೀಟರು: ನದಿ 7, ನದಿ 12, ಭೂಮಿ 7, ಭೂಮಿ 12. ಈಗ ನದಿ 12 ಎಂಬುದು ನದಿ 7ಕ್ಕಿಂತ ಸ್ಪಷ್ಟವಾಗಿ ಸಮರ್ಥವೆಂದು ಕೇಳಿಸುತ್ತದೆ. ಮಾರಾಟ ವಿಭಾಗ ಬಯಸಿದ್ದೂ ಅದನ್ನೇ. ಅಳತೆ ಯಾವುದೆಂದು ಅನುಮಾನವಾದರೆ ಮನೆಯ ಪಾತ್ರೆಯಿಂದಲೇ ಅಳೆದು ನೋಡಬಹುದು. ನದಿ 12ಕ್ಕೂ ಭೂಮಿ 7ಕ್ಕೂ ಮಧ್ಯೆ ಗ್ರಾಹಕ ತಡವರಿಸಿದರೆ ಅಂಗಡಿಯವನು ಬೇರೆ ದಾರಿಯಿಲ್ಲದೆ ಕೇಳಬೇಕಾಗುತ್ತದೆ: "ನಿಮ್ಮ ಬಿಲ್ಡಿಂಗಿಗೆ ನೀರು ಎಲ್ಲಿಂದ ಬರುತ್ತೆ?" ಇಡೀ ವ್ಯಾಪಾರದಲ್ಲಿ ಕೇಳಲೇಬೇಕಾದ ಪ್ರಶ್ನೆ ಅದೊಂದೇ.

ಪದಗಳ ನಾದ ನೋಡಿ ಹೆಸರಿಡಬೇಕೆನ್ನುವವರೂ ಇದ್ದಾರೆ. ಎಡ್ವರ್ಡ್ ಸಪೀರ್ 1929ರಲ್ಲಿ 'ಮಿಲ್', 'ಮಾಲ್' ಎಂಬ ಎರಡು ಅರ್ಥವಿಲ್ಲದ ಪದ ಕೊಟ್ಟು, ಯಾವುದು ದೊಡ್ಡ ಮೇಜು ಎಂದು ಕೇಳಿದಾಗ ಹೆಚ್ಚಿನವರು 'ಮಾಲ್' ಎಂದಿದ್ದರು. ನಮ್ಮ ಚಿಕ್ಕ, ದೊಡ್ಡ ಈ ನಿಯಮಕ್ಕೆ ಒಗ್ಗುತ್ತವೆ. ಆದರೆ ಕಿರಿಯ, ಹಿರಿಯ ಎರಡರಲ್ಲೂ ಅದೇ ಇಕಾರ. ನಾದ ಸಹಾಯ ಮಾಡೀತು, ಆದರೆ ಏಣಿಯನ್ನು ಹೊರಲಾರದು.

ಇಟ್ಟ ಹೆಸರು ಸರಿಯಿದೆಯೇ ಎಂದು ನೋಡಲು ಎರಡು ಪರೀಕ್ಷೆ ಸಾಕು. ಹೆಸರುಗಳನ್ನು ಚೀಟಿಯಲ್ಲಿ ಬರೆದು ಕಲಸಿ, ಯಂತ್ರ ನೋಡಿರದ ಹತ್ತು ಜನರಿಗೆ ಕೊಟ್ಟು ಜೋಡಿಸಲು ಹೇಳಬೇಕು. ಗ್ರ್ಯಾಂಡ್, ಸುಪ್ರೀಮ್, ರಾಯಲ್, ಅಲ್ಟಿಮಾ ಎಂದು ಕೊಟ್ಟರೆ ಒಬ್ಬೊಬ್ಬರದು ಒಂದೊಂದು ಕ್ರಮ, ಏಕೆಂದರೆ ಆ ಪದಗಳು ಎತ್ತರವನ್ನು ಹೇಳುತ್ತವೆಯೇ ಹೊರತು ಕ್ರಮವನ್ನಲ್ಲ. ಎರಡನೆಯ ಪರೀಕ್ಷೆ ಗಿಂತದ್ದು. ಮೇಲಿನ ಹೆಸರಿನ ವಾಕ್ಯವನ್ನು ಪೂರ್ತಿ ಕನ್ನಡದಲ್ಲಿ ಹೇಳಿ ನೋಡಬೇಕು: "ಇದು ಅದಕ್ಕಿಂತ ಇಂಥದ್ದರಲ್ಲಿ ಇಷ್ಟು ಹೆಚ್ಚು." ಖಾಲಿ ಜಾಗಗಳನ್ನು ತುಂಬಲು ಬಂದರೆ ಏಣಿ ನಿಜ. ಬರದಿದ್ದರೆ ಅಲ್ಲಿ ಹೆಸರು ಮಾತ್ರ ಮೇಲೇರಿದೆ.

ಇಂಥ ಏಣಿ ಅಸಾಧ್ಯವೂ ಅಲ್ಲ. ಎಸಿಯ ಮೇಲಿನ ನಕ್ಷತ್ರಗಳು ಅದೇ. ಅಳತೆ ಒಂದೇ: ಎಷ್ಟು ವಿದ್ಯುತ್ತಿಗೆ ಎಷ್ಟು ತಂಪು. ಅಂಕೆ ನಿಗದಿ ಮಾಡುವುದು ಕಂಪನಿಯಲ್ಲ, ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ. 2018ರ ಪಟ್ಟಿಯಲ್ಲಿ 4.5 ಇದ್ದರೆ ಐದು ನಕ್ಷತ್ರ ಸಿಗುತ್ತಿತ್ತು. 2022ರ ಜುಲೈಯಿಂದ ಅದಕ್ಕೆ 5 ಬೇಕಾಯಿತು, ಹಳೆಯ ಎಷ್ಟೋ ಐದು ನಕ್ಷತ್ರದವು ನಾಲ್ಕಕ್ಕೆ ಇಳಿದವು. ಯಂತ್ರ ಅದೇ, ಹೆಸರು ಇಳಿಯಿತು. ಯಾವ ಕಂಪನಿಯೂ ತನ್ನ ಪ್ರೊವನ್ನು ಹೀಗೆ ಪ್ಲಸ್ಸಿಗೆ ಇಳಿಸುವುದಿಲ್ಲ. ಇಳಿಯಬಲ್ಲ ಹೆಸರಿಗೆ ಮಾತ್ರ ಏರಿದಾಗ ಬೆಲೆ.

ನೀರಿನ ಯಂತ್ರಕ್ಕೂ ಪೆಟ್ಟಿಗೆಯ ಮುಂಭಾಗದಲ್ಲಿ, ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಎರಡು ಸಾಲು ಕಡ್ಡಾಯವಾಗಬೇಕು: ಯಾವ ಟಿಡಿಎಸ್‌ನಿಂದ ಯಾವ ಟಿಡಿಎಸ್‌ವರೆಗಿನ ನೀರಿಗೆ ಇದು, ಮತ್ತು ಒಂದು ಲೀಟರಿಗೆ ಎಷ್ಟು ಲೀಟರು ಚೆಲ್ಲುತ್ತದೆ. ಅದು ಬರುವ ತನಕ ಗ್ರಾಹಕನ ಕೈಯಲ್ಲಿ ಒಂದು ಪ್ರಶ್ನೆ ಇದೆ, ಅದಕ್ಕೆ ಮೀಟರೂ ಬೇಡ, ಡೆಮೊವೂ ಬೇಡ. ಅಂಗಡಿಯವನು "ಆಚೆಗಿರೋದು ಪ್ಲಸ್" ಎಂದಾಗ ಕೇಳಬೇಕು: ಯಾವುದಕ್ಕಿಂತ, ಯಾವುದರಲ್ಲಿ? ಮರಾಠಿಯಲ್ಲಿ ಕೇಳಿದರೂ ಹಿಂದಿಯಲ್ಲಿ ಕೇಳಿದರೂ ಅವನಿಗೆ ಅರ್ಥವಾಗುತ್ತದೆ.